ಮೂರು ತಿಂಗಳ ಹಣ: ಕೆಲವು ಟಿಪ್ಪಣಿಗಳು

ಬಡ್ಡಿ ಎಲ್ಲಿ ಬರೆದಿದೆ?

ಟ್ರೆಷರಿ ಬಿಲ್ಲಿಗೆ ಬಡ್ಡಿ ದರ ಎಂಬುದೇ ಇಲ್ಲ. ಕೇಂದ್ರ ಸರ್ಕಾರ ಒಂದು ವರ್ಷದೊಳಗಿನ ಸಾಲ ಎತ್ತುವುದಕ್ಕೆ ಹೊರಡಿಸುವ ಈ ಬಿಲ್ಲುಗಳನ್ನು ಆರ್‌ಬಿಐ ಸಾಮಾನ್ಯವಾಗಿ ಪ್ರತಿ ಬುಧವಾರ ಹರಾಜು ಹಾಕುತ್ತದೆ. ಹರಾಜಿನಲ್ಲಿ ನಿಗದಿಯಾಗುವುದು ಬೆಲೆ ಮಾತ್ರ. ನೂರು ರೂಪಾಯಿಯ ಬಿಲ್ಲನ್ನು ನೂರಕ್ಕಿಂತ ಕಡಿಮೆಗೆ ಕೊಂಡರೆ, ಅವಧಿ ಮುಗಿದ ದಿನ ಪೂರ್ತಿ ನೂರು ಸಿಗುತ್ತದೆ. ನಡುವಿನ ವ್ಯತ್ಯಾಸವೇ ನಮ್ಮ ಗಳಿಕೆ.

ಲೆಕ್ಕಕ್ಕಾಗಿ 91 ದಿನದ ಬಿಲ್ಲಿನ ಬೆಲೆ ₹98.40 ಎಂದಿಟ್ಟುಕೊಂಡೆ. ಗಳಿಕೆ ₹1.60. ಇದನ್ನು 365ರಿಂದ ಗುಣಿಸಿ 91ರಿಂದ ಭಾಗಿಸಿದರೆ ವರ್ಷಕ್ಕೆ ಶೇ 6.42 ಬಂತು. ಆದರೆ ಇಂಥ ಬೆಲೆಗೆ ಆರ್‌ಬಿಐ ತೋರಿಸುವ ಗಳಿಕೆ ಶೇ 6.52. ಈ ಹತ್ತು ಪೈಸೆ ಎಲ್ಲಿಂದ ಬಂತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾವು ಹಾಕಿದ್ದು ನೂರಲ್ಲ, 98.40. ಹಾಗಾಗಿ 1.60ನ್ನು ಮೊದಲು 98.40ರಿಂದ ಭಾಗಿಸಬೇಕು, ಆಮೇಲೆ ವರ್ಷಕ್ಕೆ ಹಿಗ್ಗಿಸಬೇಕು. ಬ್ಯಾಂಕ್ ಠೇವಣಿಯ ದರದ ಜೊತೆ ಹೋಲಿಸಲು ಯೋಗ್ಯವಾದುದು ಈ ಎರಡನೆಯ ಅಂಕಿ.

91 ಯಾಕೆ, 90 ಯಾಕಲ್ಲ?

ಬಿಲ್ಲುಗಳು ಮೂರು ಅವಧಿಯವು: 91, 182 ಮತ್ತು 364 ದಿನ. ಮೂರು ತಿಂಗಳಿಗೆ 90, ವರ್ಷಕ್ಕೆ 365 ಎಂದಿದ್ದರೆ ಆಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಬಹಳ ದಿನ ತಲೆಯಲ್ಲಿತ್ತು. ಏಳರಿಂದ ಭಾಗಿಸಿ ನೋಡಿದಾಗ ಉತ್ತರ ಸಿಕ್ಕಿತು. 91 ಎಂದರೆ ಸರಿಯಾಗಿ 13 ವಾರ, 182 ಎಂದರೆ 26 ವಾರ, 364 ಎಂದರೆ 52 ವಾರ. ಬುಧವಾರದ ಹರಾಜಿನ ಬಿಲ್ಲು ಗುರುವಾರ ಖಾತೆಗೆ ಸೇರುತ್ತದೆ, ಅವಧಿ ಮುಗಿಯುವುದೂ ಗುರುವಾರವೇ. ಹಳೆಯ ಬಿಲ್ಲಿನ ಹಣ ಬರುವ ದಿನವೇ ಹೊಸ ಬಿಲ್ಲು ಹುಟ್ಟುತ್ತದೆ. ರಜೆ ಬಂದು ಹರಾಜು ಹಿಂದೆ ಮುಂದೆ ಆದ ವಾರಗಳಲ್ಲಿ ಮಾತ್ರ ಈ ತಾಳ ತಪ್ಪುತ್ತದೆ.

ಇದರಿಂದ ಒಂದು ಪ್ರಯೋಜನವಿದೆ. ಹಣ ಬೇಕಾದ ತಾರೀಖಿಗೆ ಮುಂಚಿನ ಗುರುವಾರವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ 13 ವಾರ ಹಿಂದಕ್ಕೆ ಎಣಿಸಿದರೆ, ಯಾವ ವಾರದ ಹರಾಜಿಗೆ ಅರ್ಜಿ ಹಾಕಬೇಕೆಂದು ಗೊತ್ತಾಗುತ್ತದೆ.

ಬೆಲೆ ಹೇಳದೆ ಹರಾಜಿನಲ್ಲಿ ಕೂರುವುದು

ಮೈಸೂರಿನ ನನ್ನ ಚಿಕ್ಕಮ್ಮ ನಿವೃತ್ತ ಹೈಸ್ಕೂಲು ಶಿಕ್ಷಕಿ. ಠೇವಣಿಯೊಂದು ಮುಗಿದು ಅವರ ಕೈಗೆ ₹10 ಲಕ್ಷ ಬಂದಿತ್ತು. ಅದರಲ್ಲಿ ₹4 ಲಕ್ಷ ಮಗಳ ಸ್ನಾತಕೋತ್ತರ ಕೋರ್ಸಿನ ಶುಲ್ಕಕ್ಕೆ, ₹6 ಲಕ್ಷ ಮನೆಯ ಮಹಡಿ ಕಟ್ಟುತ್ತಿದ್ದ ಕಂಟ್ರಾಕ್ಟರಿಗೆ. ಎರಡೂ ಖರ್ಚು ಮೂರು ತಿಂಗಳ ಆಚೆಗಿದ್ದವು. ಅಲ್ಲಿಯವರೆಗೆ ಎಲ್ಲಿಡುವುದು ಎಂಬುದು ಅವರ ಪ್ರಶ್ನೆ. ನನ್ನ ಪುಸ್ತಕದ ಈ ಪುಟಗಳು ತುಂಬಿದ್ದು ಆ ಪ್ರಶ್ನೆಯಿಂದಲೇ.

“ಹರಾಜು ಅಂತೀಯ. ದೊಡ್ಡ ಬ್ಯಾಂಕುಗಳ ಜೊತೆ ಕೂತು ನಾನು ಏನಂತ ಬೆಲೆ ಕೂಗಲಿ?” ಎಂದರು ಚಿಕ್ಕಮ್ಮ.

ಕೂಗಬೇಕಾಗಿಲ್ಲ. 2021ರ ನವೆಂಬರಿನಲ್ಲಿ ಶುರುವಾದ ಆರ್‌ಬಿಐ ರೀಟೇಲ್ ಡೈರೆಕ್ಟ್ ಎಂಬ ವ್ಯವಸ್ಥೆಯಲ್ಲಿ ಪ್ಯಾನ್, ಉಳಿತಾಯ ಖಾತೆ, ಕೆವೈಸಿ ಕೊಟ್ಟು ಯಾರು ಬೇಕಾದರೂ ಶುಲ್ಕವಿಲ್ಲದೆ ಖಾತೆ ತೆರೆಯಬಹುದು. ಕನಿಷ್ಠ ₹10,000, ಅದರ ಮೇಲೆ ಹತ್ತು ಹತ್ತು ಸಾವಿರದ ಲೆಕ್ಕದಲ್ಲಿ ಬಿಲ್ಲು ಕೊಳ್ಳಬಹುದು. ಎಷ್ಟು ಮೊತ್ತದ ಬಿಲ್ಲು ಬೇಕೆಂದು ಮಾತ್ರ ಹೇಳಬೇಕು, ಬೆಲೆ ಹೇಳುವಂತಿಲ್ಲ. ಬ್ಯಾಂಕುಗಳು, ಪ್ರೈಮರಿ ಡೀಲರುಗಳು, ಮ್ಯೂಚುವಲ್ ಫಂಡುಗಳು ತಮ್ಮ ತಮ್ಮೊಳಗೆ ಪೈಪೋಟಿಯಲ್ಲಿ ಕೂಗಿದ ಬೆಲೆಗಳಲ್ಲಿ ಗೆದ್ದವನ್ನು ತೂಗಿ ತೆಗೆದ ಸರಾಸರಿಯೇ ಚಿಕ್ಕಮ್ಮನಿಗೂ ಬೆಲೆ. ದಿನವಿಡೀ ಇದೇ ಕೆಲಸ ಮಾಡುವವರ ಒಟ್ಟು ಅಂದಾಜು ಅವರಿಗೆ ಪುಕ್ಕಟೆಯಾಗಿ ಸಿಗುತ್ತದೆ.

ಇದು ಯಾವಾಗಲೂ ಹೀಗಿರಲಿಲ್ಲ. 1974ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸರ್ಕಾರ ‘ಅಡ್‌ಹಾಕ್’ ಬಿಲ್ಲುಗಳನ್ನು ಶೇ 4.6ರ ಸ್ಥಿರ ದರಕ್ಕೆ ಆರ್‌ಬಿಐಗೆ ಕೊಟ್ಟು ಹಣ ಪಡೆಯುತ್ತಿತ್ತು. ಬೆಲೆಯೇರಿಕೆ ಎಷ್ಟಿದ್ದರೂ ದರ ಅದೇ. 91 ದಿನದ ಬಿಲ್ಲಿನ ಹರಾಜು ಶುರುವಾದದ್ದು 1993ರ ಜನವರಿಯಲ್ಲಿ. 1994ರ ಸೆಪ್ಟೆಂಬರಿನಲ್ಲಿ ಸರ್ಕಾರ ಮತ್ತು ಆರ್‌ಬಿಐ ಮಾಡಿಕೊಂಡ ಒಪ್ಪಂದದಂತೆ 1997ರ ಏಪ್ರಿಲಿನಿಂದ ಅಡ್‌ಹಾಕ್ ಬಿಲ್ಲುಗಳು ನಿಂತವು. ಸರ್ಕಾರವೂ ಪೇಟೆಯ ಬೆಲೆಗೇ ಸಾಲ ಕೇಳುವಂತಾದ ಮೇಲೆ ನಮ್ಮಂಥವರು ಆ ಬೆಲೆಯನ್ನು ನಂಬಿ ಬಿಲ್ಲು ಕೊಳ್ಳುವುದಕ್ಕೆ ಅರ್ಥ ಬಂತು.

ಬಿಲ್ಲು ಕೇಳುವುದು ಒಂದೇ ಷರತ್ತು

₹98.40ರ ಬೆಲೆಗೆ ₹4 ಲಕ್ಷ ಮುಖಬೆಲೆಯ ಬಿಲ್ಲು ಬೇಕಾದರೆ ಕಟ್ಟಬೇಕಾದ್ದು ₹3,93,600. ಹದಿಮೂರನೆಯ ವಾರದ ಗುರುವಾರ ಜೋಡಿಸಿದ ಬ್ಯಾಂಕ್ ಖಾತೆಗೆ ₹4,00,000 ಬರುತ್ತದೆ. ಗಳಿಕೆ ₹6,400. ಶೇ 2.5ರ ಉಳಿತಾಯ ಖಾತೆಯಲ್ಲಿ ಅಷ್ಟೇ ಹಣ ಅಷ್ಟೇ ದಿನ ಇದ್ದಿದ್ದರೆ ₹2,450ರ ಹತ್ತಿರ ಬರುತ್ತಿತ್ತು.

ಸರ್ಕಾರ ತನ್ನದೇ ರೂಪಾಯಿಯಲ್ಲಿ ಮಾಡಿದ ಸಾಲವಾದ್ದರಿಂದ ಹಣ ವಾಪಸ್ ಬರುತ್ತದೋ ಇಲ್ಲವೋ ಎಂಬ ಚಿಂತೆ ಇಲ್ಲ. ಬ್ಯಾಂಕ್ ಠೇವಣಿಗಿರುವ ₹5 ಲಕ್ಷದ ವಿಮಾ ಮಿತಿಯಂಥದ್ದೂ ಇಲ್ಲಿಲ್ಲ. ಷರತ್ತು ಒಂದೇ: ಆ ಗುರುವಾರದವರೆಗೆ ಕಾಯಬೇಕು. ಮಧ್ಯೆ ಮಾರುವ ದಾರಿ ಇದೆ. ಆದರೆ ಈ ಪೇಟೆಯಲ್ಲಿ ವ್ಯವಹಾರ ನಡೆಯುವುದು ಕೋಟಿಗಳಲ್ಲಿ. ₹4 ಲಕ್ಷದ ಸಣ್ಣ ಗಂಟಿಗೆ ಕೇಳಿದ ಹೊತ್ತಿಗೆ ಒಳ್ಳೆಯ ಬೆಲೆ ಕೊಡುವವರು ಸಿಗುತ್ತಾರೆಂದು ಲೆಕ್ಕ ಹಾಕಬಾರದು. ಬಿಲ್ಲು ಕೊಳ್ಳುವವರು ಕೊನೆಯ ದಿನದವರೆಗೆ ಇಟ್ಟುಕೊಳ್ಳುತ್ತೇವೆಂದೇ ಕೊಳ್ಳಬೇಕು.

ಭಾನುವಾರ ದುಡಿಯುವ ಫಂಡು

ಇನ್ನು ಲಿಕ್ವಿಡ್ ಫಂಡ್. ಇದು 91 ದಿನದೊಳಗೆ ಅವಧಿ ಮುಗಿಯುವ ಪತ್ರಗಳನ್ನು ಮಾತ್ರ ಇಟ್ಟುಕೊಳ್ಳಬೇಕಾದ ಮ್ಯೂಚುವಲ್ ಫಂಡು. ಅದರಲ್ಲಿರುವುದು ಟ್ರೆಷರಿ ಬಿಲ್ಲು, ಬ್ಯಾಂಕುಗಳು ಹೊರಡಿಸುವ ಠೇವಣಿ ಪತ್ರ ಅಂದರೆ ಸಿಡಿ, ಮತ್ತು ಕಂಪನಿಗಳ ಕಮರ್ಷಿಯಲ್ ಪೇಪರ್ ಅಂದರೆ ಸಿಪಿ.

ಷೇರು ಫಂಡಿನ ಎನ್‌ಎವಿ ಶನಿವಾರ, ಭಾನುವಾರ ಕದಲುವುದಿಲ್ಲ. ಲಿಕ್ವಿಡ್ ಫಂಡಿಗೆ ಭಾನುವಾರದ್ದೂ ಒಂದು ಎನ್‌ಎವಿ ಇರುತ್ತದೆ, ಅದು ಶನಿವಾರದ್ದಕ್ಕಿಂತ ಒಂದಿಷ್ಟು ಮೇಲಿರುತ್ತದೆ. ಪೇಟೆ ಮುಚ್ಚಿದ ದಿನ ಹೇಗೆ ಏರಿತು? ಒಳಗಿರುವ ಪತ್ರಗಳೆಲ್ಲ ಸಾಲಪತ್ರಗಳು. ಸಾಲಕ್ಕೆ ರಜೆ ಇಲ್ಲ, ಪ್ರತಿ ದಿನವೂ ಅವು ನೂರರ ಹತ್ತಿರಕ್ಕೆ ಒಂದು ಹೆಜ್ಜೆ ಇಡುತ್ತವೆ.

ಹೀಗಾಗಿ ಇಲ್ಲಿ ಶುಕ್ರವಾರದ ಗಡಿಯಾರ ಮುಖ್ಯ. ಮಧ್ಯಾಹ್ನ ಒಂದೂವರೆಯೊಳಗೆ ಅರ್ಜಿಯೂ ಹಣವೂ ಫಂಡಿಗೆ ಮುಟ್ಟಿದರೆ ಯೂನಿಟ್ಟುಗಳು ಹಿಂದಿನ ದಿನದ, ಅಂದರೆ ಗುರುವಾರದ ಎನ್‌ಎವಿಗೆ ಸಿಗುತ್ತವೆ. ಶುಕ್ರ, ಶನಿ, ಭಾನು ಮೂರೂ ದಿನದ ಗಳಿಕೆ ನಮ್ಮದು. ಒಂದೂವರೆ ದಾಟಿದರೆ ಸಿಗುವುದು ಭಾನುವಾರದ ಎನ್‌ಎವಿ. ಮೂರು ದಿನ ಹೋಯಿತು. ಅರ್ಜಿ ಹೊತ್ತಿಗೆ ಸರಿಯಾಗಿ ಹಾಕಿ, ಹಣ ಮಾತ್ರ ತಡವಾಗಿ ತಲುಪಿದರೂ ಇದೇ ಗತಿ. ಬಿಡುವಾಗ ಲೆಕ್ಕ ನಮ್ಮ ಕಡೆಗೆ ವಾಲುತ್ತದೆ. ಶುಕ್ರವಾರ ಮೂರು ಗಂಟೆಯೊಳಗೆ ವಾಪಸ್ ಕೇಳಿದರೆ ಭಾನುವಾರದ ಎನ್‌ಎವಿಯ ಲೆಕ್ಕದಲ್ಲಿ ಸೋಮವಾರ ಹಣ ಬರುತ್ತದೆ.

ಸಿಪಿ ಎಂಬ ನೋಟು

ಸಿಪಿ ಕಂಪನಿಯೊಂದು ಬರೆದುಕೊಡುವ ಪ್ರಾಮಿಸರಿ ನೋಟು. ಕನಿಷ್ಠ 7 ದಿನ, ಗರಿಷ್ಠ ಒಂದು ವರ್ಷ. ಇದೂ ಬಿಲ್ಲಿನಂತೆ ಮುಖಬೆಲೆಗಿಂತ ಕಡಿಮೆಗೆ ಮಾರಾಟವಾಗುತ್ತದೆ. ನಾರಾಯಣನ್ ವಾಘುಲ್ ಅಧ್ಯಕ್ಷತೆಯ ಕಾರ್ಯತಂಡದ ಶಿಫಾರಸಿನ ಮೇಲೆ 1990ರಲ್ಲಿ ಭಾರತಕ್ಕೆ ಬಂತು. ಬ್ಯಾಂಕ್ ಸಾಲಕ್ಕಿಂತ ಅಗ್ಗವಾಗಿ ಕಂಪನಿಗಳು ನೇರವಾಗಿ ಹಣ ಎತ್ತಲಿ ಎಂಬುದು ಉದ್ದೇಶ.

ಮುಖ್ಯವಾದ ಮಾತೆಂದರೆ ಇದಕ್ಕೆ ಅಡಮಾನ ಇಲ್ಲ. ಕಂಪನಿ ಕೊಡದಿದ್ದರೆ ಹಿಡಿದುಕೊಳ್ಳಲು ಜಮೀನಾಗಲಿ ಯಂತ್ರವಾಗಲಿ ಇಲ್ಲ. ಹಾಗಿದ್ದೂ ಜನ ಯಾಕೆ ಕೊಡುತ್ತಾರೆ? ರೇಟಿಂಗ್ ನೋಡಿ. ಅಲ್ಪಾವಧಿ ಸಾಲದ ದರ್ಜೆಗಳು ಎ1+ನಿಂದ ಶುರುವಾಗಿ ಎ4ರವರೆಗೆ ಇಳಿದು, ಬಾಕಿ ಉಳಿಸಿಕೊಂಡದ್ದಕ್ಕೆ ಡಿ ಎಂದು ಮುಗಿಯುತ್ತವೆ. ಸಿಪಿ ಹೊರಡಿಸಲು ಕನಿಷ್ಠ ಎ3 ಬೇಕು. ಲಿಕ್ವಿಡ್ ಫಂಡುಗಳು ಕೊಳ್ಳುವುದು ಹೆಚ್ಚಾಗಿ ಎ1+.

ವ್ಯಕ್ತಿಗಳೂ ಸಿಪಿ ಕೊಳ್ಳಬಹುದು. ಆದರೆ ಒಂದು ನೋಟು ಕನಿಷ್ಠ ₹5 ಲಕ್ಷದ್ದು. ಚಿಕ್ಕಮ್ಮನ ₹10 ಲಕ್ಷಕ್ಕೆ ಎರಡು ಕಂಪನಿಗಳ ಎರಡು ನೋಟು ಬಂದಾವು. ಅದರಲ್ಲಿ ಒಂದು ಕೆಟ್ಟರೆ ಅರ್ಧ ಹಣ ಹೋದಂತೆ. ಅವರಿಗೆ ನೇರ ಸಿಪಿ ಸಲ್ಲದೆಂದು ಅಲ್ಲಿಗೇ ಬಿಟ್ಟೆ. ಆದರೆ ಲಿಕ್ವಿಡ್ ಫಂಡಿಗೆ ಹಣ ಹಾಕಿದ ಮೇಲೆ ಅವರು ಹತ್ತಾರು ಕಂಪನಿಗಳಿಗೆ ಚೂರು ಚೂರು ಸಾಲ ಕೊಟ್ಟವರೇ ಆಗುತ್ತಾರೆ. ಆ ಸಂಗತಿ ಫಂಡಿನ ಹೆಸರಿನಲ್ಲಿ ಎಲ್ಲೂ ಕಾಣುವುದಿಲ್ಲ.

ಐನೂರು ರೂಪಾಯಿಯ ಪ್ರಶ್ನೆ

ಸರ್ಕಾರಕ್ಕಿಂತ ಕಂಪನಿ ಹೆಚ್ಚು ಕೊಡುತ್ತದೆ, ಹಾಗಾಗಿ ಲಿಕ್ವಿಡ್ ಫಂಡಿನಲ್ಲಿ ಬಿಲ್ಲಿಗಿಂತ ಬಹಳ ಹೆಚ್ಚು ಸಿಗಬೇಕು ಎಂಬುದು ಬಹಳ ಜನರ ನಂಬಿಕೆ. ಇದನ್ನು ಲೆಕ್ಕ ಹಾಕಿ ನೋಡಿದೆ.

ಒಂದು ಫಂಡಿನ ನಾಲ್ಕನೇ ಒಂದು ಭಾಗ ಶೇ 6.5ರ ಬಿಲ್ಲುಗಳಲ್ಲಿ, ನೂರಕ್ಕೆ 35 ಭಾಗ ಶೇ 6.9ರ ಸಿಡಿಗಳಲ್ಲಿ, ಉಳಿದ 40 ಭಾಗ ಶೇ 7.2ರ ಸಿಪಿಗಳಲ್ಲಿ ಇದೆ ಎಂದಿಟ್ಟುಕೊಳ್ಳಿ. ಇವು ನಾನು ಉದಾಹರಣೆಗೆ ಆರಿಸಿದ ಅಂಕಿಗಳು. ಒಟ್ಟು ಗಳಿಕೆ ಶೇ 6.92. ಫಂಡ್ ನಡೆಸುವ ಖರ್ಚು ಶೇ 0.2 ಎಂದು ಕಳೆದರೆ ಕೈಗೆ ಬರುವುದು ಶೇ 6.72. ಬಿಲ್ಲಿನದ್ದು ಶೇ 6.52 ಇತ್ತು. ಅಂತರ ಶೇ 0.2. ಹತ್ತು ಲಕ್ಷಕ್ಕೆ 91 ದಿನದಲ್ಲಿ ಇದು ಸುಮಾರು ₹500.

ಈ ಅಂಕಿಯನ್ನು ಎರಡೆರಡು ಸಲ ಪರೀಕ್ಷಿಸಿದೆ, ಸರಿಯಾಗಿಯೇ ಇದೆ. ಶುಕ್ರವಾರ ಒಂದೂವರೆ ಗಂಟೆ ತಪ್ಪಿಸಿಕೊಂಡರೆ ಹತ್ತು ಲಕ್ಷದ ಮೇಲೆ ಮೂರು ದಿನಕ್ಕೆ ಹೋಗುವುದು ₹550. ಅಂದರೆ ಅಡಮಾನವಿಲ್ಲದ ಸಾಲ ಕೊಟ್ಟು ಮೂರು ತಿಂಗಳು ಕಾದು ಪಡೆಯುವ ಹೆಚ್ಚುವರಿ ಹಣ ಒಂದು ಮಧ್ಯಾಹ್ನದ ತಡಕ್ಕಿಂತ ಕಡಿಮೆ. ಏಜೆಂಟರ ಮೂಲಕ ಕೊಂಡರೆ ಖರ್ಚು ಇನ್ನೂ ಸ್ವಲ್ಪ ಹೆಚ್ಚು, ಅಂತರ ಇನ್ನೂ ಸಣ್ಣದು. ತೆರಿಗೆಯೂ ವ್ಯತ್ಯಾಸ ಮಾಡುವುದಿಲ್ಲ. 2023ರ ಏಪ್ರಿಲಿನಿಂದ ಈಚೆಗೆ ಕೊಂಡ ಇಂಥ ಫಂಡಿನ ಗಳಿಕೆಗೂ ಬಿಲ್ಲಿನ ಗಳಿಕೆಗೂ ನಮ್ಮ ನಮ್ಮ ಆದಾಯದ ಹಂತದ ದರವೇ.

ಹಾಗಾದರೆ ಲಿಕ್ವಿಡ್ ಫಂಡು ಕೊಡುವುದೇನು? ಅದು ಮಾರುತ್ತಿರುವುದು ಹೆಚ್ಚಿನ ಗಳಿಕೆಯನ್ನಲ್ಲ, ಯಾವ ಕೆಲಸದ ದಿನ ಬೇಕಾದರೂ ಹೊರಬರುವ ಸ್ವಾತಂತ್ರ್ಯವನ್ನು. ಇವತ್ತು ಮೂರರೊಳಗೆ ಕೇಳಿದರೆ ಮಾರನೆಯ ಕೆಲಸದ ದಿನ ಹಣ ಖಾತೆಯಲ್ಲಿರುತ್ತದೆ. ಕೆಲವು ಫಂಡುಗಳು ದಿನಕ್ಕೆ ₹50,000ದವರೆಗೆ ತಕ್ಷಣವೇ ಕೊಡುವ ಸೌಲಭ್ಯವನ್ನೂ ಇಟ್ಟಿವೆ. ಈ ಸ್ವಾತಂತ್ರ್ಯ ಬೇಕಾದವರಿಗೆ ಫಂಡು ತಕ್ಕದ್ದು. ₹500 ನೋಡಿ ಹೋಗುವವರಿಗೆ ತಾವು ಹೊತ್ತುಕೊಳ್ಳುತ್ತಿರುವ ಅಪಾಯದ ಅಳತೆ ಗೊತ್ತಿರಬೇಕು.

ಒಂದು ದಿನದ ಏಳು

ಆ ಅಳತೆ ಹೀಗಿದೆ. ಶೇ 6.72 ಕೊಡುವ ಫಂಡಿನಲ್ಲಿ ಹತ್ತು ಲಕ್ಷ ಇಟ್ಟರೆ ದಿನಕ್ಕೆ ₹184 ಸೇರುತ್ತದೆ. ಫಂಡಿನ ನೂರಕ್ಕೆ ನಾಲ್ಕು ಭಾಗ ಒಂದೇ ಕಂಪನಿಯ ಸಿಪಿಯಲ್ಲಿದ್ದು, ಅದರ ಬೆಲೆಯನ್ನು ಸೊನ್ನೆಗೆ ಇಳಿಸಬೇಕಾಗಿ ಬಂದರೆ ಒಂದೇ ದಿನ ₹40,000 ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಏಳು ತಿಂಗಳು ಬೇಕು. ಮೂರು ತಿಂಗಳಿಗೆಂದು ಬಂದವರಿಗೆ ಅಷ್ಟು ಸಮಯವೇ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ. 2017ರ ಫೆಬ್ರವರಿಯಲ್ಲಿ ಬಲ್ಲಾರ್‌ಪುರ್ ಇಂಡಸ್ಟ್ರೀಸ್ ಕಂಪನಿಯ ಸಿಪಿಯ ದರ್ಜೆ ಕುಸಿದಾಗ ಟಾರಸ್ ಲಿಕ್ವಿಡ್ ಫಂಡಿನ ಎನ್‌ಎವಿ ಒಂದೇ ದಿನ ಸುಮಾರು ಶೇ 7ರಷ್ಟು ಇಳಿಯಿತು. ಒಂದು ವರ್ಷದ ಗಳಿಕೆ ಒಂದು ದಿನದಲ್ಲಿ ಹೋದಂತೆ.

2018ರ ಸೆಪ್ಟೆಂಬರಿನಲ್ಲಿ ಐಎಲ್‌ಆ್ಯಂಡ್‌ಎಫ್‌ಎಸ್ ಸಮೂಹ ಸಿಪಿ ಸೇರಿದಂತೆ ತನ್ನ ಸಾಲಗಳನ್ನು ತೀರಿಸಲಾಗದೆ ನಿಂತಿತು. ಕೆಲವೇ ವಾರಗಳ ಹಿಂದಿನವರೆಗೆ ಅದಕ್ಕೆ ಅತ್ಯುನ್ನತ ದರ್ಜೆ ಇತ್ತು. ಅಷ್ಟು ದೊಡ್ಡ ಸಂಸ್ಥೆ ಇಷ್ಟು ಬೇಗ ಹೇಗೆ ಬಿದ್ದಿತು ಎಂದು ಓದುತ್ತ ಹೋದಾಗ ಕಾರಣ ಸಿಪಿಯ ಸ್ವಭಾವದಲ್ಲೇ ಕಂಡಿತು. ರಸ್ತೆ, ಸುರಂಗ, ವಿದ್ಯುತ್ ಯೋಜನೆಗಳಿಗೆ ಹಾಕಿದ ಹಣ ವಾಪಸ್ ಬರಲು ಹತ್ತಿಪ್ಪತ್ತು ವರ್ಷ ಬೇಕು. ಅದಕ್ಕೆ ತಂದ ಸಾಲದಲ್ಲಿ ಒಂದು ಭಾಗ ತಿಂಗಳುಗಳಲ್ಲಿ ತೀರಿಸಬೇಕಾದದ್ದು. ಹಳೆಯ ನೋಟು ಮುಗಿದಾಗ ಹೊಸ ನೋಟು ಮಾರಿ ಅದನ್ನು ತೀರಿಸುವುದು ರೂಢಿ. ಹೊಸ ನೋಟನ್ನು ಕೊಳ್ಳುವವರು ನಿಂತ ದಿನ ಹಳೆಯದನ್ನು ತೀರಿಸಲು ಹಣ ಇರುವುದಿಲ್ಲ. ಆದ್ದರಿಂದ ಸಿಪಿಯ ಅಪಾಯ ದಿನಕ್ಕಿಷ್ಟು ಎಂದು ಬೆಳೆಯುವುದಿಲ್ಲ. ಬಹಳ ಕಾಲ ಏನೂ ಇಲ್ಲ, ಆಮೇಲೆ ಒಮ್ಮೆಗೇ ಎಲ್ಲವೂ.

ಸೆಬಿ ಬಿಗಿ ಮಾಡಿದ್ದು

ಮೊದಲೆಲ್ಲ ಲಿಕ್ವಿಡ್ ಫಂಡಿನ ಎನ್‌ಎವಿ ಗೆರೆ ಎಳೆದಂತೆ ನೇರವಾಗಿ ಏರುತ್ತಿತ್ತು. ಅಪಾಯವೇ ಇಲ್ಲದ ಹಾಗೆ ಕಾಣುತ್ತಿದ್ದುದಕ್ಕೆ ಒಂದು ಕಾರಣ ಲೆಕ್ಕದ ಕ್ರಮ. 60 ದಿನದೊಳಗಿನ ಪತ್ರಗಳಿಗೆ ಪೇಟೆಯ ಬೆಲೆ ಹಾಕಬೇಕಾಗಿರಲಿಲ್ಲ. ಕೊಂಡ ಬೆಲೆಗೂ ಮುಖಬೆಲೆಗೂ ನಡುವಿನ ಅಂತರವನ್ನು ದಿನಗಳಿಗೆ ಸಮನಾಗಿ ಹಂಚುತ್ತಿದ್ದರು. ಸೆಬಿ ಇದನ್ನು 2019ರಲ್ಲಿ 30 ದಿನಕ್ಕೆ ಇಳಿಸಿ, 2020ರ ಜೂನ್ ಕೊನೆಯ ಹೊತ್ತಿಗೆ ಪೂರ್ತಿ ತೆಗೆದುಹಾಕಿತು. ಈಗ ಪ್ರತಿ ಪತ್ರಕ್ಕೂ ಪ್ರತಿ ದಿನ ಪೇಟೆ ಬೆಲೆ. 2020ರ ಮಾರ್ಚಿನಲ್ಲಿ ಎಲ್ಲರೂ ನಗದಿಗಾಗಿ ಪರದಾಡಿದಾಗ ಅಲ್ಪಾವಧಿ ದರಗಳು ಏಕಾಏಕಿ ಏರಿದವು. ಹಲವು ಲಿಕ್ವಿಡ್ ಫಂಡುಗಳ ಎನ್‌ಎವಿ ಕೆಲವು ದಿನ ಕೆಳಗಿಳಿಯಿತು. ಇಂಥ ಇಳಿತ ಬೇರೆ, ಟಾರಸ್‌ನಂಥ ಇಳಿತ ಬೇರೆ. ದರ ಏರಿ ಬೆಲೆ ತಗ್ಗಿದ್ದರೆ ಪತ್ರ ಅವಧಿ ಮುಗಿಯುವ ಹೊತ್ತಿಗೆ ನೂರಕ್ಕೇ ಬರುತ್ತದೆ, ಕೆಲವು ವಾರ ತಾಳಿದರೆ ಸಾಕು. ಕಂಪನಿಯೇ ಕೊಡದೆ ಹೋದರೆ ತಾಳ್ಮೆಯಿಂದ ಪ್ರಯೋಜನವಿಲ್ಲ.

2019ರ ಸೆಪ್ಟೆಂಬರಿನಲ್ಲಿ ಸೆಬಿ ಇನ್ನೊಂದು ನಿಯಮ ತಂದಿತು. ಲಿಕ್ವಿಡ್ ಫಂಡಿನ ಕನಿಷ್ಠ ಶೇ 20 ಭಾಗ ನಗದು, ಸರ್ಕಾರಿ ಪತ್ರ, ಟ್ರೆಷರಿ ಬಿಲ್ಲು ಮುಂತಾದ ತಕ್ಷಣ ಹಣವಾಗುವ ರೂಪದಲ್ಲಿರಬೇಕು. ಹೊರಹೋಗುವವರಿಗೆ ಮೊದಲು ಕೊಡುವುದು ಈ ಭಾಗದಿಂದ.

ಅದೇ ಹೊತ್ತಿಗೆ ಬಂದ ನಿರ್ಗಮನ ಶುಲ್ಕ ನನ್ನನ್ನು ಬಹಳ ಗೊಂದಲಕ್ಕೆ ಕೆಡವಿತ್ತು. ಮೊದಲ ದಿನ ಹೊರಬಂದರೆ ಶೇ 0.0070, ಎರಡನೆಯ ದಿನ 0.0065, ಹೀಗೆ ಇಳಿಯುತ್ತ ಏಳನೆಯ ದಿನಕ್ಕೆ ಸೊನ್ನೆ. ಹತ್ತು ಲಕ್ಷಕ್ಕೆ ₹70! ಇಷ್ಟು ಸಣ್ಣ ಶುಲ್ಕ ಯಾರನ್ನು ತಡೆದೀತು? ಆದರೆ ಲಿಕ್ವಿಡ್ ಫಂಡಿನ ದೊಡ್ಡ ಗಿರಾಕಿಗಳು ನಮ್ಮಂಥವರಲ್ಲ, ಕಂಪನಿಗಳ ಖಜಾನೆ ವಿಭಾಗಗಳು. ₹100 ಕೋಟಿಯನ್ನು ಒಂದು ರಾತ್ರಿಗೆ ತಂದಿಟ್ಟು ಹೋಗುವ ಕಂಪನಿಗೆ ಇದು ₹70,000, ಅಂದರೆ ಆ ದಿನದ ಗಳಿಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಅಂಥವರು ಓವರ್‌ನೈಟ್ ಫಂಡಿಗೆ ಹೋಗಲಿ ಎಂಬುದು ಇದರ ಉದ್ದೇಶ. ಮುಂಗಡ ತೆರಿಗೆ ಕಟ್ಟುವ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಸುತ್ತಮುತ್ತ ಈ ದೊಡ್ಡ ಗಿರಾಕಿಗಳು ಹೊರಡುತ್ತಾರೆ. ಅದು ನಿರೀಕ್ಷಿತವಾದದ್ದು, ಫಂಡುಗಳು ಅದಕ್ಕೆ ಸಿದ್ಧವಾಗಿಯೇ ಇರುತ್ತವೆ. ಕೆಟ್ಟ ಸುದ್ದಿಯ ದಿನ ಅವರು ಹೊರಡುವುದೇ ಬೇರೆ.

ಪಟ್ಟಿಯಲ್ಲಿ ನೋಡಬೇಕಾದ್ದು

ಸಾಲಪತ್ರ ಫಂಡುಗಳು ತಮ್ಮಲ್ಲಿರುವ ಪತ್ರಗಳ ಪಟ್ಟಿಯನ್ನು ಹದಿನೈದು ದಿನಕ್ಕೊಮ್ಮೆ ಪ್ರಕಟಿಸಬೇಕು. ಚಿಕ್ಕಮ್ಮನ ಜೊತೆ ಕೂತು ಮೂರು ವಿಷಯ ಮಾತ್ರ ನೋಡಿದೆವು.

ಮೊದಲನೆಯದು, ಒಂದೇ ಕಂಪನಿಯ ಹೆಸರಿನಲ್ಲಿ ಅತಿ ಹೆಚ್ಚು ಎಷ್ಟು ಭಾಗ ಇದೆ ಎಂಬುದು. ಒಂದು ಸಮೂಹದ ನಾಲ್ಕು ಕಂಪನಿಗಳ ಹೆಸರು ಬಿಡಿಬಿಡಿಯಾಗಿ ಇರುವುದುಂಟು. ಅವನ್ನು ಒಟ್ಟಿಗೆ ಕೂಡಿಸಿಯೇ ನೋಡಬೇಕು. ಐಎಲ್‌ಆ್ಯಂಡ್‌ಎಫ್‌ಎಸ್ ಪ್ರಕರಣದಲ್ಲಿ ಎಡವಿದ್ದು ಒಂದು ಕಂಪನಿಯಲ್ಲ, ಇಡೀ ಸಮೂಹ.

ಎರಡನೆಯದು, ಫಂಡಿನ ಒಟ್ಟು ಗಳಿಕೆಯ ದರ. ಎಲ್ಲ ಲಿಕ್ವಿಡ್ ಫಂಡುಗಳೂ ಒಂದೇ ಪೇಟೆಯಲ್ಲಿ, ಅದೇ 91 ದಿನದೊಳಗಿನ ಪತ್ರಗಳನ್ನು ಕೊಳ್ಳುತ್ತವೆ. ಹಾಗಿರುವಾಗ ಒಂದು ಫಂಡು ಮಾತ್ರ ಉಳಿದವಕ್ಕಿಂತ ಎದ್ದು ಕಾಣುವಷ್ಟು ಹೆಚ್ಚು ಗಳಿಸುತ್ತಿದ್ದರೆ ಅದಕ್ಕೆ ಕಾರಣ ಜಾಣತನಕ್ಕಿಂತ ದುರ್ಬಲ ಕಂಪನಿಗಳ ನೋಟುಗಳಿರುವ ಸಂಭವವೇ ಹೆಚ್ಚು. ಇಂಥ ಪಟ್ಟಿಯಲ್ಲಿ ಮೊದಲ ಸ್ಥಾನ ಒಳ್ಳೆಯ ಗುರುತಲ್ಲ.

ಮೂರನೆಯದು, ಅಪಾಯದ ಚೌಕ. 2021ರ ಡಿಸೆಂಬರಿನಿಂದ ಪ್ರತಿ ಸಾಲಪತ್ರ ಫಂಡೂ ತಾನು ಗರಿಷ್ಠ ಎಷ್ಟು ಅಪಾಯಕ್ಕೆ ಹೋಗಬಹುದೆಂದು ಒಂಬತ್ತು ಮನೆಗಳ ಚೌಕದಲ್ಲಿ ತೋರಿಸಬೇಕು. ಲಿಕ್ವಿಡ್ ಫಂಡುಗಳಲ್ಲಿ ನಮಗೆ ಕಂಡದ್ದು A-I ಮತ್ತು B-I ಎಂಬ ಗುರುತು. A ಎಂದರೆ ಸಾಲ ವಾಪಸಾಗದ ಅಪಾಯ ಕಡಿಮೆ, B ಎಂದರೆ ಮಧ್ಯಮ. ಇಂದಿನ ಪಟ್ಟಿ ಎಷ್ಟೇ ಚೆನ್ನಾಗಿರಲಿ, B ಎಂದು ಹೇಳಿಕೊಂಡ ಫಂಡು ನಾಳೆ ಅಲ್ಲಿಯವರೆಗೆ ಹೋಗಬಹುದು. ಪಟ್ಟಿ ಹೇಳುವುದು ಕಳೆದ ಹದಿನೈದು ದಿನದ ಮಾತು, ಚೌಕ ಹೇಳುವುದು ಮುಂದಿನ ಅನುಮತಿ.

ತಾರೀಖು ಯಾರದು?

ಕೊನೆಗೆ ತೀರ್ಮಾನವಾದದ್ದು ದರದ ಮೇಲಲ್ಲ, ಚಿಕ್ಕಮ್ಮ ಕೇಳಿದ ಒಂದು ಮಾತಿನ ಮೇಲೆ. “ಕಾಲೇಜಿನೋರು ತಾರೀಖು ಬರೆದು ಕಳಿಸಿದಾರೆ. ಕಂಟ್ರಾಕ್ಟರು ಬಾಯಲ್ಲಿ ಮೂರು ತಿಂಗಳು ಅಂತಾರೆ. ಎರಡೂ ಒಂದೇ ಏನೋ?”

ಒಂದೇ ಅಲ್ಲ. ಶುಲ್ಕದ ₹4 ಲಕ್ಷಕ್ಕೆ ದಿನ ಖಚಿತ. ಅದು ಬಿಲ್ಲಿಗೆ ಸರಿಯಾದ ಹಣ. ಕೊನೆಯ ತಾರೀಖಿಗಿಂತ ಹತ್ತು ದಿನ ಮುಂಚಿನ ಗುರುವಾರಕ್ಕೆ ಮುಗಿಯುವಂತೆ ನೋಡಿ ಆ ವಾರದ ಹರಾಜಿಗೆ ಅರ್ಜಿ ಹಾಕಿದರು. ಗಳಿಕೆ ಎಷ್ಟೆಂದು ಗುರುವಾರವೇ ಗೊತ್ತಾಯಿತು, ಮೂರು ತಿಂಗಳಲ್ಲಿ ಪೇಟೆ ಏನೇ ಆದರೂ ಅದು ಬದಲಾಗುವುದಿಲ್ಲ.

ಕಂಟ್ರಾಕ್ಟರಿಗೆ ಕೊಡಬೇಕಾದ ₹6 ಲಕ್ಷದ ತಾರೀಖು ಚಿಕ್ಕಮ್ಮನ ಕೈಯಲ್ಲಿಲ್ಲ. ಮಳೆ ಬೇಗ ಹಿಡಿದರೆ ಕೆಲಸ ಮುಂದಕ್ಕೆ, ಹಿಡಿಯದಿದ್ದರೆ ಹಣ ಬೇಗ ಬೇಕು. ಇಲ್ಲಿ ತಪ್ಪಿನ ಬೆಲೆ ಎರಡು ಕಡೆಗೂ ಸಮನಲ್ಲ ಎಂಬುದನ್ನು ಗಮನಿಸಬೇಕು. ಹಣ ಮೂರು ವಾರ ಮುಂಚೆ ಬಿಡುಗಡೆಯಾಗಿ ಉಳಿತಾಯ ಖಾತೆಯಲ್ಲಿ ಬಿದ್ದಿದ್ದರೆ ಹೋಗುವುದು ಸುಮಾರು ₹1,400. ಮೂರು ವಾರ ತಡವಾದರೆ ತಾರಸಿಗೆ ಕಬ್ಬಿಣ ಕಟ್ಟಿಟ್ಟು ಕೆಲಸದವರು ಬೇರೆ ಕಡೆ ಹೋಗಿರುತ್ತಾರೆ, ಅವರನ್ನು ಮತ್ತೆ ಕರೆತರುವ ಖರ್ಚಿನ ಮುಂದೆ ಬಡ್ಡಿಯ ಲೆಕ್ಕ ಏನೂ ಅಲ್ಲ. ಈ ಹಣಕ್ಕೆ ಹೊರಬರುವ ಸ್ವಾತಂತ್ರ್ಯ ನಿಜಕ್ಕೂ ಬೇಕು. ಅದಕ್ಕೇ ಅದು A-I ಗುರುತಿನ, ಯಾವ ಖಾಸಗಿ ಸಮೂಹದಲ್ಲೂ ಹೆಚ್ಚು ಹಣ ಕೂಡಿಡದ ಲಿಕ್ವಿಡ್ ಫಂಡಿಗೆ ಹೋಯಿತು, ಏಜೆಂಟರಿಲ್ಲದ ನೇರ ಯೋಜನೆಯಲ್ಲಿ. ದಿನಕ್ಕೆ ಸುಮಾರು ₹110 ಸೇರುತ್ತದೆ. ಕೊಳ್ಳುವಾಗ ಶೇ 0.005ರ ಮುದ್ರಾಂಕ ಶುಲ್ಕವೆಂದು ₹30 ಹೋಯಿತು.

ಬಿಡಿಸಲಾಗದ ಒಂದು ಗಂಟು

ಕೆಟ್ಟ ಸುದ್ದಿ ಬಂದ ದಿನ ಮೊದಲು ಹೊರಟವರಿಗೆ ಫಂಡು ಒಳ್ಳೆಯ ಪತ್ರ ಮಾರಿ ಹಣ ಕೊಡುತ್ತದೆ. ಕೆಟ್ಟ ನೋಟು ಒಳಗೇ ಉಳಿದು, ಉಳಿದವರ ಪಾಲಿಗೆ ಅದರ ಭಾಗ ದೊಡ್ಡದಾಗುತ್ತ ಹೋಗುತ್ತದೆ. ಇದಕ್ಕೆ ಪರಿಹಾರವಾಗಿ 2018ರ ಡಿಸೆಂಬರಿನಲ್ಲಿ ಸೆಬಿ ಪ್ರತ್ಯೇಕ ಗಂಟಿನ ಅವಕಾಶ ಕೊಟ್ಟಿತು. ಕೆಟ್ಟ ಪತ್ರವನ್ನು ಬೇರೆ ಮಾಡಿ, ಆ ದಿನ ಇದ್ದವರಿಗೆಲ್ಲ ಅದರ ಪಾಲನ್ನು ಹಂಚಿ, ಒಳ್ಳೆಯ ಭಾಗದಿಂದ ಎಂದಿನಂತೆ ಹೊರಬರಲು ಬಿಡುವುದು. ಮುಂದೆ ಏನಾದರೂ ವಸೂಲಾದರೆ ಪಾಲುದಾರರಿಗೆಲ್ಲ ಸಲ್ಲುತ್ತದೆ. ಇದು ನ್ಯಾಯವಾದ ಏರ್ಪಾಡು. ಆದರೆ ಇದನ್ನು ಮಾಡಲೇಬೇಕೆಂದಿಲ್ಲ, ಫಂಡ್ ಸಂಸ್ಥೆಯ ವಿವೇಚನೆಗೆ ಬಿಟ್ಟದ್ದು. ದರ್ಜೆ ಕುಸಿದ ಮೇಲೆ ಮಾಡುವಂಥದ್ದಾದ್ದರಿಂದ, ಕುಸಿಯುವ ಮುಂಚೆಯೇ ವಾಸನೆ ಹಿಡಿದು ಹೊರಟ ದೊಡ್ಡ ಗಿರಾಕಿಗಳಿಗೆ ಇದು ಅನ್ವಯಿಸುವುದೂ ಇಲ್ಲ.

ಆ ವಾಸನೆ ಹಿಡಿಯುವ ಶಕ್ತಿ ಕಂಪನಿಗಳ ಖಜಾನೆ ವಿಭಾಗಗಳಿಗೆ ಇದ್ದಷ್ಟು ನಿವೃತ್ತ ಶಿಕ್ಷಕಿಯೊಬ್ಬರಿಗೆ ಇರಲಾರದು. ಹದಿನೈದು ದಿನಕ್ಕೊಮ್ಮೆ ಬರುವ ಪಟ್ಟಿಯನ್ನು ಓದುವುದು ಈ ಅಂತರವನ್ನು ಕಿರಿದು ಮಾಡಬಹುದು, ಮುಚ್ಚುವುದಿಲ್ಲ. ಹಾಗಾಗಿ ತಾರೀಖು ಗೊತ್ತಿರುವ ಹಣವನ್ನೆಲ್ಲ ಬಿಲ್ಲಿಗೆ ಕಳಿಸಿ, ತಾರೀಖು ಗೊತ್ತಿಲ್ಲದ್ದನ್ನು ಮಾತ್ರ ಫಂಡಿಗೆ ಬಿಡುವುದು ಸರಿ ಎಂದು ಚಿಕ್ಕಮ್ಮನಿಗೆ ಹೇಳಿದೆ. ಕಂಟ್ರಾಕ್ಟರು ತಾರಸಿಯ ದಿನ ಗೊತ್ತುಮಾಡಿ ಅದು ಇನ್ನೂ ನಾಲ್ಕು ತಿಂಗಳ ಆಚೆಗೆ ಬಿದ್ದರೆ, ಆ ಆರು ಲಕ್ಷವೂ ಮುಂದಿನ ಬುಧವಾರದ ಹರಾಜಿಗೆ ಹೋಗಬಹುದು.